ಮೈಸೂರು–ಮಂಡ್ಯದ ಎತ್ತರದ ನಕ್ಷೆ ಮತ್ತು ಎರಡು ಲೂಪ್‌ಗಳ ಕಥೆ

ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ, ಕೆಆರ್‌ಎಸ್, ನಂಜನಗೂಡು, ಇವೆಲ್ಲಾ ಒಂದೇ ಫೈಲ್‌ನಲ್ಲಿ ಕೂತಿವೆ. ಫೈಲ್‌ನ ಹೆಸರು `N12E076.hgt`. 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತುತ್ತಾ ರೇಡಾರ್‌ನಿಂದ ನೆಲದ ಎತ್ತರ ಅಳೆಯಿತು. ಆ ಅಳತೆಯನ್ನು ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ತುಣುಕುಗಳಾಗಿ ಹಂಚಿದ್ದಾರೆ. ನಮ್ಮ ತುಣುಕು 12ರಿಂದ 13 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 77 ಡಿಗ್ರಿ ಪೂರ್ವ ರೇಖಾಂಶದ್ದು. ಮದ್ದೂರು ಮಾತ್ರ ಸ್ವಲ್ಪದರಲ್ಲೇ ತಪ್ಪಿಸಿಕೊಂಡು ಪಕ್ಕದ ತುಣುಕಿಗೆ ಹೋಗುತ್ತದೆ.

ಈ ಫೈಲ್ ಒಳಗೆ ಬೇರೇನೂ ಇಲ್ಲ, ಬರೀ ಸಂಖ್ಯೆಗಳು. 3601 ಸಾಲು, 3601 ಕಾಲಂ. ಒಂದೊಂದು ಮನೆಯಲ್ಲೂ ಆ ಜಾಗದ ಎತ್ತರ, ಮೀಟರ್‌ನಲ್ಲಿ, 2 ಬೈಟ್‌ನ ಪೂರ್ಣಾಂಕವಾಗಿ ಇದೆ. ಒಟ್ಟು 1 ಕೋಟಿ 29 ಲಕ್ಷಕ್ಕೂ ಹೆಚ್ಚು ಮನೆಗಳು, ಸುಮಾರು 26 ಎಂಬಿ. ಮೊದಲ ಸಾಲು ಉತ್ತರದ ಅಂಚು. ಪ್ರತಿ ಸಾಲೂ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ದೊಡ್ಡ ಎರಡು ಆಯಾಮದ ಅರೇಯನ್ನು ಯಾವ ಕ್ರಮದಲ್ಲಿ ಓದಬೇಕು ಅನ್ನೋದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕಾರಣ, ಇಲ್ಲಿ ಸಾಲು ಅಂದರೆ ಪೂರ್ವಕ್ಕೆ ನಡೆಯುವುದು, ಕಾಲಂ ಅಂದರೆ ದಕ್ಷಿಣಕ್ಕೆ ನಡೆಯುವುದು. ಕಣ್ಣಮುಂದೆ ತಂದುಕೊಳ್ಳಬಹುದು.

ಮಾಡಬೇಕಾದ ಕೆಲಸ ಇಷ್ಟು: ಪ್ರತಿ ರೇಖಾಂಶಕ್ಕೂ ಸರಾಸರಿ ಎತ್ತರ ಬೇಕು. ಅಂದರೆ ಪ್ರತಿ ಕಾಲಂನ ಮೊತ್ತ ತೆಗೆದು 3601ರಿಂದ ಭಾಗಿಸಬೇಕು. ಯಾರಿಗಾದರೂ ಮೊದಲು ಹೊಳೆಯುವ ಕೋಡ್ ಇದು:

```c
int16_t h[3601][3601];
int sum[3601];

for (int j = 0; j < 3601; j++)
    for (int i = 0; i < 3601; i++)
        sum[j] += h[i][j];
```

ಒಂದು ಕಾಲಂ ಹಿಡಿ, ಮೇಲಿಂದ ಕೆಳಕ್ಕೆ ಕೂಡು, ಮುಂದಿನ ಕಾಲಂಗೆ ಹೋಗು. ಪ್ರಶ್ನೆಯನ್ನು ಹೇಗೆ ಕೇಳಿದ್ದಾರೋ ಹಾಗೇ ಬರೆದಿರುವ ಕೋಡ್. ಉತ್ತರವೂ ಸರಿ. ಇದರಲ್ಲಿ ಎರಡು `for` ಸಾಲುಗಳನ್ನು ಮಾತ್ರ ಅದಲುಬದಲು ಮಾಡಿದರೂ ಉತ್ತರ ಅದೇ ಬರುತ್ತದೆ:

```c
for (int i = 0; i < 3601; i++)
    for (int j = 0; j < 3601; j++)
        sum[j] += h[i][j];
```

ಕೂಡುವ ಲೆಕ್ಕ ಅಷ್ಟೇ, ಓದುವ ಮನೆಗಳೂ ಅವೇ. ಆದರೂ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಎರಡನೆಯದು ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದರೆ, ಮೊದಲನೆಯದು ಅದರ ಹಲವು ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ಅಲ್ಗಾರಿದಮ್ ಪಾಠದಲ್ಲಿ ಎರಡಕ್ಕೂ ಒಂದೇ ಅಂಕ ಸಿಗುತ್ತದೆ. ವ್ಯತ್ಯಾಸ ಇರುವುದು ಮೆಮೊರಿಯಲ್ಲಿ.

ಸಿ ಭಾಷೆ ಅರೇಯನ್ನು ಸಾಲು ಸಾಲಾಗಿ ಇಡುತ್ತದೆ. ಮೊದಲ ಸಾಲು ಪೂರ್ತಿ, ಅದರ ಬೆನ್ನಿಗೇ ಎರಡನೇ ಸಾಲು, ಹೀಗೆ. ಒಂದು ಸಾಲಿಗೆ 3601 × 2 = 7202 ಬೈಟ್. ಹಾಗಾಗಿ `h[i][j]` ಸಿಗುವ ಜಾಗ, ಅರೇ ಶುರುವಾದಲ್ಲಿಂದ `i*7202 + j*2` ಬೈಟ್ ದೂರ.

ಮಂಡ್ಯ ಪಟ್ಟಣವನ್ನೇ ಹುಡುಕೋಣ. ಅದು ಸುಮಾರು 12.52 ಉತ್ತರ, 76.90 ಪೂರ್ವದಲ್ಲಿದೆ. ಒಂದು ಡಿಗ್ರಿಗೆ 3600 ಹೆಜ್ಜೆ. ಉತ್ತರದ ಅಂಚಿನಿಂದ 0.48 ಡಿಗ್ರಿ ಕೆಳಗೆ ಬಂದರೆ 1728ನೇ ಸಾಲು. ಪಶ್ಚಿಮದ ಅಂಚಿನಿಂದ 0.90 ಡಿಗ್ರಿ ಹೋದರೆ 3240ನೇ ಕಾಲಂ. ಎರಡನ್ನೂ ಸೊನ್ನೆಯಿಂದ ಎಣಿಸಿದ್ದೇನೆ. ಅದರ ವಿಳಾಸ 1728 × 7202 + 3240 × 2, ಅಂದರೆ 1,24,51,536.

ಈಗ ಅಲ್ಲಿಂದ ಒಂದು ಹೆಜ್ಜೆ ಪೂರ್ವಕ್ಕೆ ಇಡಿ. ನೆಲದ ಮೇಲೆ ಅದು ಹೆಚ್ಚುಕಡಿಮೆ 30 ಮೀಟರ್. ಮೆಮೊರಿಯಲ್ಲಿ 2 ಬೈಟ್. ಅದೇ ಜಾಗದಿಂದ ಒಂದು ಹೆಜ್ಜೆ ದಕ್ಷಿಣಕ್ಕೆ ಇಡಿ. ನೆಲದ ಮೇಲೆ ಅದೂ ಹೆಚ್ಚುಕಡಿಮೆ 30 ಮೀಟರೇ. ಮೆಮೊರಿಯಲ್ಲಿ 7202 ಬೈಟ್. ನಕ್ಷೆಯಲ್ಲಿ ಎರಡೂ ಪಕ್ಕದ ಮನೆಗಳು. ಪ್ರೊಸೆಸರ್‌ಗೆ ಮಾತ್ರ ಒಂದು ಪಕ್ಕದಲ್ಲಿದೆ, ಇನ್ನೊಂದು ಬಹಳ ದೂರ ಇದೆ.

ದೂರ ಇದ್ದರೆ ಏನಾಯ್ತು, ವಿಳಾಸ ಗೊತ್ತಿದೆಯಲ್ಲ, ನೇರವಾಗಿ ಓದಿದರಾಯ್ತು ಅಲ್ವಾ? ಓದಬಹುದು. ಆದರೆ ಪ್ರೊಸೆಸರ್ ಮುಖ್ಯ ಮೆಮೊರಿಯಿಂದ 2 ಬೈಟ್ ಮಾತ್ರ ತರುವುದಿಲ್ಲ. ಇವತ್ತಿನ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಒಂದು ಸಲಕ್ಕೆ 64 ಬೈಟ್‌ಗಳ ಒಂದು ಪೂರ್ತಿ ತುಂಡು ಬರುತ್ತದೆ. ಅದು ಬಂದು ಕೂರುವುದು ಪ್ರೊಸೆಸರ್ ಹತ್ತಿರದ ಕ್ಯಾಶ್ ಅನ್ನೋ ಪುಟ್ಟ, ವೇಗದ ಮೆಮೊರಿಯಲ್ಲಿ, ಹಾಗಾಗಿ ಅದಕ್ಕೆ ಕ್ಯಾಶ್ ಲೈನ್ ಅಂತಾರೆ. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಯನ್ನು ಕಟ್ಟಿನಲ್ಲಿ ಕೊಡುವ ಹಾಗೆ. ನಿಮಗೆ ಒಂದೇ ಎಲೆ ಬೇಕಿದ್ದರೂ ಕೈಗೆ ಬರುವುದು ಕಟ್ಟು.

ನಮ್ಮ ಲೆಕ್ಕದಲ್ಲಿ ಒಂದು ಲೈನ್‌ಗೆ 32 ಎತ್ತರಗಳು ಹಿಡಿಯುತ್ತವೆ. ಅರೇ 64ರ ಗುಣಕದ ವಿಳಾಸದಲ್ಲಿ ಶುರುವಾಗಿದೆ ಅಂದುಕೊಂಡರೆ, ಮಂಡ್ಯದ ಮನೆ ತನ್ನ ಲೈನ್‌ನೊಳಗೆ 16ನೇ ಬೈಟ್‌ನಲ್ಲಿ ಬೀಳುತ್ತದೆ. ಅದನ್ನು ಕೇಳಿದಾಗ ಅದರ ಜೊತೆಗೆ ಪಶ್ಚಿಮದ 8 ಮನೆ, ಪೂರ್ವದ 23 ಮನೆ ತಾನಾಗೇ ಬಂದುಬಿಡುತ್ತವೆ. ದಕ್ಷಿಣದ ಒಂದು ಮನೆಯೂ ಬರುವುದಿಲ್ಲ.

ಸಾಲು ಹಿಡಿದು ಹೋದರೆ ಬಂದ 32 ಎತ್ತರಗಳನ್ನೂ ಅಲ್ಲಲ್ಲೇ ಬಳಸಿಬಿಡುತ್ತೇವೆ. ಇಡೀ ಅರೇ ಓದಿ ಮುಗಿಸಲು ಸುಮಾರು 4 ಲಕ್ಷ 5 ಸಾವಿರ ಲೈನ್ ತಂದರೆ ಸಾಕು. ಅದು ಫೈಲ್‌ನ ಗಾತ್ರದಷ್ಟೇ, 26 ಎಂಬಿ. ಇನ್ನೂ ಒಂದು ಅನುಕೂಲ ಇದೆ. ಲೈನ್‌ಗಳು ಒಂದರ ಹಿಂದೆ ಒಂದು ಬೇಕಾಗುತ್ತಿವೆ ಅನ್ನೋದನ್ನು ಪ್ರೊಸೆಸರ್‌ನ ಪ್ರಿಫೆಚರ್ ಬೇಗ ಗುರುತಿಸುತ್ತದೆ. ನಾವು ಕೇಳುವ ಮೊದಲೇ ಮುಂದಿನ ಲೈನ್ ತಂದಿಟ್ಟಿರುತ್ತದೆ. ಹಾಗಾಗಿ ಕಾಯುವ ಪ್ರಸಂಗವೇ ಕಡಿಮೆ.

ಕಾಲಂ ಹಿಡಿದು ಇಳಿದರೆ ಪ್ರತಿ ಹೆಜ್ಜೆಗೂ ಹೊಸ ಲೈನ್. 32ರಲ್ಲಿ ಒಂದನ್ನು ಬಳಸಿ ಮುಂದಕ್ಕೆ ಹೋಗುತ್ತೇವೆ. ಉಳಿದ 31 ವ್ಯರ್ಥವಾದರೆ ಒಟ್ಟು 1 ಕೋಟಿ 29 ಲಕ್ಷ ಲೈನ್ ತರಬೇಕು, ಅಂದರೆ ಸುಮಾರು 83 ಕೋಟಿ ಬೈಟ್. 26 ಎಂಬಿ ಓದುವ ಕೆಲಸಕ್ಕೆ 830 ಎಂಬಿ ಸಾಗಿಸಿದ ಹಾಗಾಯಿತು. ಪ್ರಿಫೆಚರ್ ಕೂಡ ಇಲ್ಲಿ ಕೈಕೊಡುತ್ತದೆ. ಇಂಟೆಲ್‌ನಲ್ಲಿ ತೀರಾ ಹತ್ತಿರದ ಎಲ್1 ಕ್ಯಾಶ್‌ನ ಪ್ರಿಫೆಚರ್ ಸಮಾನ ಅಂತರದ ಜಿಗಿತಗಳನ್ನು ಗುರುತಿಸುತ್ತದೆ ನಿಜ, ಆದರೆ ಜಿಗಿತ 2 ಕೆಬಿ ಒಳಗಿರಬೇಕು. ನಮ್ಮದು 7 ಕೆಬಿ.

ಹೆಚ್ಚಿನ ವಿವರಣೆಗಳು ಇಲ್ಲಿಗೆ ನಿಲ್ಲುತ್ತವೆ. "ಉಳಿದ 31 ವ್ಯರ್ಥವಾದರೆ" ಅಂದೆನಲ್ಲ, ಆ "ಆದರೆ" ಅನ್ನೋದನ್ನು ಯಾರೂ ಬಿಡಿಸಿ ನೋಡುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಅದೇ.

ನಿಜವಾಗಿ ಅವು ವ್ಯರ್ಥವಾಗುತ್ತವಾ? ತಂದ ಲೈನ್ ತಕ್ಷಣ ಕಸದ ಬುಟ್ಟಿಗೆ ಹೋಗುವುದಿಲ್ಲ. ಕ್ಯಾಶ್‌ನಲ್ಲಿ ಜಾಗ ಇರುವವರೆಗೂ ಅಲ್ಲೇ ಇರುತ್ತದೆ. ಒಂದು ಕಾಲಂ ಪೂರ್ತಿ ಇಳಿಯುವಾಗ 3601 ಲೈನ್ ಬಂದಿರುತ್ತವೆ. 3601 × 64, ಅಂದರೆ ಸುಮಾರು 230 ಕೆಬಿ. ಮುಂದಿನ ಕಾಲಂಗೆ ಬೇಕಾಗುವುದು ಬಹುಪಾಲು ಇವೇ ಲೈನ್‌ಗಳು, ಪಕ್ಕದ 2 ಬೈಟ್ ಅಷ್ಟೇ. ಈ 230 ಕೆಬಿ ಕ್ಯಾಶ್‌ನಲ್ಲಿ ಉಳಿದಿದ್ದರೆ ಮುಖ್ಯ ಮೆಮೊರಿಗೆ ಹೋಗಬೇಕಾಗಿಲ್ಲ.

ಈಗ ಕ್ಯಾಶ್‌ನ ಗಾತ್ರ ನೋಡಿ. ಪ್ರೊಸೆಸರ್‌ಗೆ ತೀರಾ ಹತ್ತಿರದ ಎಲ್1 ಸಾಮಾನ್ಯವಾಗಿ 32 ಅಥವಾ 48 ಕೆಬಿ. ಅದರಿಂದ ಓದಲು ಪ್ರೊಸೆಸರ್ ಗಡಿಯಾರದ ನಾಲ್ಕೈದು ಸೈಕಲ್ ಸಾಕು. ಅದರ ಹಿಂದಿನ ಎಲ್2 ಎಷ್ಟೋ ಯಂತ್ರಗಳಲ್ಲಿ 512 ಕೆಬಿ ಅಥವಾ 1 ಎಂಬಿ, ಕೆಲವದರಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಸುಮಾರು 14 ಸೈಕಲ್. ಆಮೇಲೆ ಎಲ್3, ಅದಕ್ಕೆ ಹತ್ತಾರು ಸೈಕಲ್. ಕೊನೆಗೆ ಮುಖ್ಯ ಮೆಮೊರಿ, ಅಲ್ಲಿಗೆ ಹೋಗಿ ಬರಲು ಸುಮಾರು 100 ನ್ಯಾನೊಸೆಕೆಂಡ್, ಅಂದರೆ ನೂರಾರು ಸೈಕಲ್.

230 ಕೆಬಿ ಎಲ್1ಗೆ ಹಿಡಿಯುವುದಿಲ್ಲ. ಎಲ್2ಗೆ ಆರಾಮಾಗಿ ಹಿಡಿಯುತ್ತದೆ. ಆದ್ದರಿಂದ `N12E076` ಅರೇಯಲ್ಲಿ ಕಾಲಂ ಇಳಿದಾಗ 32 ಓದುಗಳಲ್ಲಿ ಒಂದಕ್ಕೆ ಮಾತ್ರ ದೂರದ ಮೆಮೊರಿಯ ಪೆಟ್ಟು ಬೀಳುತ್ತದೆ. ಉಳಿದ 31ಕ್ಕೆ ಎಲ್2 ಕೈ ಹಿಡಿಯುತ್ತದೆ. ಪ್ರೋಗ್ರಾಮ್ ನಿಧಾನವಾಗುತ್ತದೆ, ಆದರೆ 32 ಪಟ್ಟು ನಿಧಾನ ಆಗುವುದಿಲ್ಲ. ಒಂದು ಮೆಮೊರಿ ಓದಿಗೆ 100 ನ್ಯಾನೊಸೆಕೆಂಡ್ ಅಂತ ಗುಣಿಸಿ ಒಂದೂಕಾಲು ಸೆಕೆಂಡು ಬೇಕು ಅಂದುಕೊಂಡರೆ ಆ ಲೆಕ್ಕ ತಪ್ಪಾಗುತ್ತದೆ. ಜೊತೆಗೆ ಇವತ್ತಿನ ಪ್ರೊಸೆಸರ್‌ಗಳು ಒಂದು ಓದು ಬರುವವರೆಗೆ ಸುಮ್ನೆ ಕೂರುವುದಿಲ್ಲ. ಮುಂದಿನ ವಿಳಾಸ ಮೊದಲೇ ಗೊತ್ತಿದ್ದರೆ, ಹತ್ತಾರು ಓದುಗಳನ್ನು ಒಟ್ಟಿಗೇ ಕಳಿಸಿ ಕಾಯುತ್ತವೆ. ನಮ್ಮ ಲೂಪ್‌ನಲ್ಲಿ ವಿಳಾಸಗಳು ಮೊದಲೇ ಗೊತ್ತು.

ಕ್ಯಾಶ್ ಜೊತೆಗೆ ಇನ್ನೊಂದು ವೆಚ್ಚವೂ ಇದೆ, ಅದನ್ನು ಇಲ್ಲೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಪ್ರೋಗ್ರಾಮ್ ಬಳಸುವ ವಿಳಾಸವನ್ನು ನಿಜವಾದ ಮೆಮೊರಿಯ ವಿಳಾಸಕ್ಕೆ ಬದಲಿಸಬೇಕು. ಇದು 4 ಕೆಬಿಯ ಪೇಜ್‌ಗಳ ಲೆಕ್ಕದಲ್ಲಿ ನಡೆಯುತ್ತದೆ. ಇತ್ತೀಚೆಗೆ ಬಳಸಿದ ಪೇಜ್‌ಗಳ ಮಾಹಿತಿ ಟಿಎಲ್‌ಬಿ ಅನ್ನೋ ಪುಟ್ಟ ಪಟ್ಟಿಯಲ್ಲಿ ಇರುತ್ತದೆ. ಸಾಲು ಹಿಡಿದು ಹೋದರೆ ಒಂದು ಪೇಜ್‌ನಲ್ಲಿ 2048 ಎತ್ತರ ಓದಿ ಮುಗಿಸಿ ಮುಂದಿನದಕ್ಕೆ ಹೋಗುತ್ತೇವೆ. ಕಾಲಂ ಇಳಿದರೆ ಪ್ರತಿ ಹೆಜ್ಜೆಯೂ 4 ಕೆಬಿಗಿಂತ ದೊಡ್ಡದು, ಹಾಗಾಗಿ ಪ್ರತಿ ಓದಿಗೂ ಬೇರೆ ಪೇಜ್. ಒಂದು ಕಾಲಂಗೆ 3601 ಪೇಜ್. ಮೊದಲ ಹಂತದ ಟಿಎಲ್‌ಬಿಯಲ್ಲಿ ಸಾಮಾನ್ಯವಾಗಿ 64ರ ಆಸುಪಾಸು ಜಾಗ, ಎರಡನೇ ಹಂತದಲ್ಲಿ ಒಂದೂವರೆ–ಎರಡು ಸಾವಿರದ ಆಸುಪಾಸು. ಎರಡೂ ಸಾಲುವುದಿಲ್ಲ. ಕಾಲಂ ಓದು ಹಲವು ಪಟ್ಟು ನಿಧಾನ ಆಗಲು ಇದರ ಪಾಲೂ ಇದೆ.

ಇಷ್ಟರವರೆಗೆ ಹೇಳಿದ್ದು ಗಾತ್ರದ ಲೆಕ್ಕ. ಗಾತ್ರದ ಲೆಕ್ಕ ಸರಿ ಇದ್ದೂ ಎಡವುವ ಜಾಗ ಒಂದಿದೆ.

ನನ್ನ ಅಕ್ಕನ ಮಗ ಮಂಡ್ಯದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾನೆ. ಅವನ ಪ್ರಾಜೆಕ್ಟ್‌ಗೆ ಇದೇ ತುಣುಕು ಬೇಕಿತ್ತು. ನೆಲದ ಸಣ್ಣಪುಟ್ಟ ಏರಿಳಿತವನ್ನು ನಯ ಮಾಡಲು, ಎತ್ತರಗಳನ್ನು ಅಲೆಗಳಾಗಿ ಬಿಡಿಸುವ ಎಫ್‌ಎಫ್‌ಟಿ ಲೆಕ್ಕ ಬಳಸಬೇಕು. ಎಫ್‌ಎಫ್‌ಟಿಗೆ ಎರಡರ ಘಾತದ ಗಾತ್ರ ಇದ್ದರೆ ಅನುಕೂಲ. ಹಾಗಾಗಿ 3601 ಇದ್ದದ್ದನ್ನು ಅಂಚಿಗೆ ಸೊನ್ನೆ ತುಂಬಿ 4096 × 4096 ಮಾಡಿಕೊಂಡ. 2 ಬೈಟ್ ಬದಲು 4 ಬೈಟ್‌ನ `int` ಇಟ್ಟುಕೊಂಡ. ಆಮೇಲೆ ಫೋನ್ ಮಾಡಿದ.

"ಚಿಕ್ಕಮ್ಮ, ಕಾಲಂ ಲೂಪ್ ಸ್ವಲ್ಪ ನಿಧಾನ ಅಂತ ಗೊತ್ತಿತ್ತು. ಆದರೆ 4096 ಮಾಡಿದ ಮೇಲೆ ತೀರಾ ಕುಂಟ್ತಾ ಇದೆ. ಮನೆಗಳು ಜಾಸ್ತಿ ಆಗಿರೋದು ಮೂರರಲ್ಲಿ ಒಂದು ಪಾಲೂ ಇಲ್ಲ."

"ಸಾಲಿಂದ ಸಾಲಿಗೆ ಈಗ ಎಷ್ಟು ಬೈಟ್ ಅಂತರ?" ಅಂತ ಕೇಳಿದೆ.

"4096 ಇಂಟು 4. 16384."

"ಅದನ್ನ 4096ರಿಂದ ಭಾಗಿಸು. ಶೇಷ ಎಷ್ಟು?"

"ಸೊನ್ನೆ. ಅದಕ್ಕೇನೀಗ?"

ಅದಕ್ಕೇ ಎಲ್ಲಾ. ಗಾತ್ರದ ಲೆಕ್ಕ ಹಾಕಿದರೆ ಅವನ ಅರೇಯಲ್ಲಿ ಒಂದು ಕಾಲಂಗೆ 4096 ಲೈನ್, ಅಂದರೆ 256 ಕೆಬಿ ಬೇಕು. ಅವನ ಲ್ಯಾಪ್‌ಟಾಪ್‌ನ ಎಲ್2 1 ಎಂಬಿ. ನಾಲ್ಕು ಪಟ್ಟು ಜಾಗ ಇದೆ. ಆದರೂ ಲೈನ್‌ಗಳು ಅಲ್ಲಿ ಉಳಿಯುತ್ತಿರಲಿಲ್ಲ. ಕಾರಣ, ಒಂದು ಲೈನ್ ಕ್ಯಾಶ್‌ನಲ್ಲಿ ತನಗಿಷ್ಟ ಬಂದಲ್ಲಿ ಕೂರುವಂತಿಲ್ಲ.

ಎಲ್1 ಅನ್ನೇ ನೋಡೋಣ. 32 ಕೆಬಿ ಅಂದರೆ 512 ಲೈನ್‌ಗೆ ಜಾಗ. ಈ 512 ಜಾಗಗಳನ್ನು 64 ಗುಂಪು ಮಾಡಿ, ಗುಂಪಿಗೆ 8 ಜಾಗ ಕೊಟ್ಟಿರುತ್ತಾರೆ. ಇಂಥ ಗುಂಪಿಗೆ ಸೆಟ್ ಅಂತಾರೆ. ಯಾವ ಲೈನ್ ಯಾವ ಸೆಟ್‌ಗೆ ಅನ್ನೋದು ವಿಳಾಸದಿಂದಲೇ ತೀರ್ಮಾನ ಆಗುತ್ತದೆ. ವಿಳಾಸವನ್ನು 64ರಿಂದ ಭಾಗಿಸಿದರೆ ಲೈನ್ ನಂಬರ್. ಆ ನಂಬರನ್ನು ಮತ್ತೆ 64ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸೆಟ್. ಆ ಸೆಟ್‌ನ 8 ಜಾಗ ತುಂಬಿದ್ದರೆ ಅದರಲ್ಲೇ ಒಂದು ಹಳೆಯ ಲೈನ್ ಹೊರಗೆ ಹೋಗಬೇಕು. ಪಕ್ಕದ ಸೆಟ್ ಪೂರ್ತಿ ಖಾಲಿ ಇದ್ದರೂ ಅದನ್ನು ಬಳಸುವಂತಿಲ್ಲ. ಹೀಗೆ ಮಾಡಿರುವುದಕ್ಕೆ ಕಾರಣ ಇದೆ. ಒಂದು ಲೈನ್ ಕ್ಯಾಶ್‌ನಲ್ಲಿ ಇದೆಯಾ ಇಲ್ಲವಾ ಅಂತ ನೋಡಲು 512 ಜಾಗ ಹುಡುಕುವ ಬದಲು 8 ಜಾಗ ನೋಡಿದರೆ ಸಾಕಾಗುತ್ತದೆ. ಎಲ್1 ನಾಲ್ಕೈದು ಸೈಕಲ್‌ನಲ್ಲಿ ಉತ್ತರ ಕೊಡುವುದು ಇದರಿಂದಲೇ.

ಮೊದಲಿನ 3601ರ ಅರೇಯಲ್ಲಿ ಸಾಲಿಂದ ಸಾಲಿಗೆ 7202 ಬೈಟ್. ಲೈನ್ ನಂಬರ್ ಒಮ್ಮೆ 112, ಒಮ್ಮೆ 113 ಏರುತ್ತದೆ. ಶೇಷಗಳು ಬದಲಾಗುತ್ತಾ ಹೋಗುತ್ತವೆ, ಲೈನ್‌ಗಳು ಎಲ್ಲಾ ಸೆಟ್‌ಗಳಿಗೂ ಹರಡಿಕೊಳ್ಳುತ್ತವೆ. 3601 ಅನ್ನೋ ಅಡ್ಡಾದಿಡ್ಡಿ ಸಂಖ್ಯೆಯೇ ನಮ್ಮನ್ನು ಕಾಪಾಡುತ್ತಿತ್ತು.

4096ರ ಅರೇಯಲ್ಲಿ ಸಾಲಿಂದ ಸಾಲಿಗೆ 16384 ಬೈಟ್, ಅಂದರೆ ಸರಿಯಾಗಿ 256 ಲೈನ್. 256 ಅನ್ನು 64ರಿಂದ ಭಾಗಿಸಿದರೆ ಶೇಷ ಸೊನ್ನೆ. ಮೊದಲ ಸಾಲಿನ ಲೈನ್ 5ನೇ ಸೆಟ್‌ಗೆ ಬಿದ್ದರೆ ಎರಡನೇ ಸಾಲಿನದೂ 5ಕ್ಕೆ, ಮೂರನೆಯದೂ 5ಕ್ಕೆ, 4096ನೆಯದೂ 5ಕ್ಕೆ. 4096 ಲೈನ್‌ಗಳು 8 ಜಾಗಕ್ಕೆ ಕಿತ್ತಾಡುತ್ತವೆ. ಉಳಿದ 63 ಸೆಟ್‌ಗಳಿಗೆ ಆ ಕಾಲಂನಿಂದ ಒಂದು ಲೈನೂ ಹೋಗುವುದಿಲ್ಲ. ಒಂಬತ್ತನೇ ಸಾಲು ಬರುವಷ್ಟರಲ್ಲೇ ಯಾವುದೋ ಒಂದು ಹಳೆಯ ಲೈನ್ ಹೊರಗೆ ಹೋಗಿರುತ್ತದೆ. 48 ಕೆಬಿಯ ಎಲ್1 ಇರುವ ಪ್ರೊಸೆಸರ್‌ನಲ್ಲಿ ಸೆಟ್‌ಗೆ 12 ಜಾಗ ಇರುತ್ತದೆ. ಕಥೆ ಬದಲಾಗುವುದಿಲ್ಲ.

ಎಲ್2 ಗತಿಯೂ ಇದೇ. ಸಾಲುಗಳ ಅಂತರ 4096ರ ಗುಣಕ ಆಗಿರುವುದರಿಂದ, ಒಂದು ಕಾಲಂನ ಎಲ್ಲಾ ಮನೆಗಳ ವಿಳಾಸವನ್ನು 4096ರಿಂದ ಭಾಗಿಸಿದಾಗ ಶೇಷ ಒಂದೇ. ಪೇಜ್‌ಗಳನ್ನು ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಇಡಬಹುದು, ಆದರೆ ಪೇಜ್‌ನೊಳಗಿನ ಸ್ಥಾನ ಬದಲಾಗದು. ಹಾಗಾಗಿ ಎಲ್2ನಲ್ಲೂ ಆ ಶೇಷಕ್ಕೆ ಸೇರಿದ ಸೆಟ್‌ಗಳು ಮಾತ್ರ ಸಿಗುತ್ತವೆ. ಅದು ಎಲ್2ನ 64ರಲ್ಲಿ ಒಂದು ಪಾಲು. 1 ಎಂಬಿಯಲ್ಲಿ 64ನೇ ಒಂದು ಪಾಲು ಅಂದರೆ 16 ಕೆಬಿ, ಅಂದರೆ 256 ಲೈನ್. ಬೇಕಿರುವುದು 4096. 1 ಎಂಬಿ ಕ್ಯಾಶ್‌ಗೆ ದುಡ್ಡು ಕೊಟ್ಟು 16 ಕೆಬಿ ಬಳಸಿದ ಹಾಗೆ.

ಈಗ ಹಿಂದಿನ ಕಾಲಂನಲ್ಲಿ ತಂದ ಲೈನ್ ಮುಂದಿನ ಕಾಲಂ ಹೊತ್ತಿಗೆ ಎಲ್1ನಲ್ಲೂ ಇಲ್ಲ, ಎಲ್2ನಲ್ಲೂ ಇಲ್ಲ. ಒಂದು ಲೈನ್‌ನಲ್ಲಿ 16 `int` ಇದ್ದರೂ ಒಂದನ್ನು ಬಳಸಿ ಬಿಸಾಡುವ ಸ್ಥಿತಿ ನಿಜವಾಗಿಯೂ ಬಂತು. 64 ಎಂಬಿಯ ಅರೇ ಓದಲು 1 ಜಿಬಿಯಷ್ಟು ಲೈನ್‌ಗಳನ್ನು ಎಲ್2 ಆಚೆಯಿಂದ ಎಳೆಯಬೇಕು. ಎಲ್3 ಇದರಲ್ಲಿ ಎಷ್ಟನ್ನು ತಡೆಯುತ್ತದೆ ಅನ್ನೋದು ಅದು ವಿಳಾಸಗಳನ್ನು ಹಂಚುವ ರೀತಿ ಮತ್ತು ಅದರ ಗಾತ್ರದ ಮೇಲೆ ನಿಂತಿದೆ, ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಬೇರೆ. ಆದರೆ ಎಲ್2 ಪೂರ್ತಿ ಕೈಬಿಟ್ಟಿರುತ್ತದೆ ಅನ್ನೋದು ಖಚಿತ.

ಇದಕ್ಕೆ ಮದ್ದು ಬಹಳ ಸಣ್ಣದು:

```c
int g[4096][4096 + 16];
```

ಪ್ರತಿ ಸಾಲಿನ ಕೊನೆಗೆ 16 ಮನೆ ಹೆಚ್ಚಿಗೆ. ಅವುಗಳಲ್ಲಿ ಏನನ್ನೂ ಇಡುವುದಿಲ್ಲ, ಲೂಪ್ 4096ಕ್ಕೇ ನಿಲ್ಲುತ್ತದೆ. 16 `int` ಅಂದರೆ ಸರಿಯಾಗಿ 64 ಬೈಟ್, ಒಂದು ಲೈನ್. ಈಗ ಸಾಲಿಂದ ಸಾಲಿಗೆ 257 ಲೈನ್. 64ರಿಂದ ಭಾಗಿಸಿದರೆ ಶೇಷ 1. ಮೊದಲ ಸಾಲು 5ನೇ ಸೆಟ್, ಮುಂದಿನದು 6, ಆಮೇಲೆ 7. ಎಲ್ಲಾ ಸೆಟ್‌ಗಳಿಗೂ ಸಮನಾಗಿ ಹಂಚಿಕೆ. ಒಂದು ಕಾಲಂನ 256 ಕೆಬಿ ಎಲ್2ನಲ್ಲಿ ಉಳಿಯುತ್ತದೆ. ಖರ್ಚಾದ ಹೆಚ್ಚುವರಿ ಮೆಮೊರಿ 256 ಕೆಬಿ, 64 ಎಂಬಿಯ ಮುಂದೆ ಏನೂ ಅಲ್ಲ. ಸಾಲು ಹಿಡಿದು ಓದುವಷ್ಟು ವೇಗ ಇದರಿಂದ ಬರುವುದಿಲ್ಲ, ಟಿಎಲ್‌ಬಿಯ ಕಷ್ಟ ಹಾಗೇ ಇರುತ್ತದೆ. ಆದರೆ ಕುಂಟುವುದು ನಿಲ್ಲುತ್ತದೆ.

ನಿಮ್ಮ ಪ್ರೋಗ್ರಾಮ್‌ಗೆ ಆಗಿರುವುದು ಇದೇನಾ ಅಂತ ತಿಳಿಯುವ ದಾರಿಯೂ ಇದೇ. ಸಾಲಿನ ಅಗಲವನ್ನು 4096 ಇಟ್ಟು ಒಮ್ಮೆ, 4112 ಇಟ್ಟು ಒಮ್ಮೆ ಓಡಿಸಿ. ಅರೇ ದೊಡ್ಡದಾದ ಮೇಲೆ ಕಾಲಂ ಲೂಪ್ ವೇಗವಾದರೆ, ಸೆಟ್‌ಗಳ ಕಿತ್ತಾಟ ಇತ್ತು ಅಂತಲೇ ಅರ್ಥ. ಎರಡೂ ಒಂದೇ ರೀತಿ ನಿಧಾನ ಇದ್ದರೆ ಬರೀ ಗಾತ್ರದ ಸಮಸ್ಯೆ. ಲಿನಕ್ಸ್‌ನಲ್ಲಿ ಪ್ರೊಸೆಸರ್‌ನ ಎಣಿಕೆಗಳನ್ನೇ ನೋಡಬಹುದು:

```
gcc -O2 col.c -o col
perf stat -e L1-dcache-load-misses,dTLB-load-misses ./col
```

ಸಾಲಿನ ಲೂಪ್ ಮತ್ತು ಕಾಲಂ ಲೂಪ್ ಎರಡಕ್ಕೂ ಹೀಗೆ ಅಳೆದು ಪಕ್ಕಪಕ್ಕ ಇಡಿ. ಕಾಲಂ ಲೂಪ್‌ನಲ್ಲಿ ಎಲ್1 ಮಿಸ್ ಹೆಚ್ಚುಕಡಿಮೆ ಮನೆಗಳ ಸಂಖ್ಯೆಯಷ್ಟೇ ಇರುತ್ತದೆ. 3601ರ ಅರೇ ಆದರೆ 1 ಕೋಟಿ 29 ಲಕ್ಷದ ಹತ್ತಿರ.

ಅಳೆಯುವಾಗ ಎರಡು ವಿಷಯ ಗಮನದಲ್ಲಿರಲಿ. ಕೊನೆಗೆ `sum` ಒಳಗಿನ ಏನನ್ನಾದರೂ ಪ್ರಿಂಟ್ ಮಾಡಿ. ಉತ್ತರವನ್ನು ಯಾರೂ ಬಳಸುತ್ತಿಲ್ಲ ಅಂತ ಕಂಡರೆ ಕಂಪೈಲರ್ ಲೂಪನ್ನೇ ತೆಗೆದುಹಾಕಬಹುದು. ಮತ್ತೆ, `-O3` ಹಾಕಬೇಡಿ. ಜಿಸಿಸಿಯ 8ನೇ ಆವೃತ್ತಿಯಿಂದ ಈಚೆಗೆ `-O3` ಜೊತೆ `-floop-interchange` ಕೂಡ ಸೇರಿಕೊಂಡಿದೆ. ನಮ್ಮಂಥ ಸರಳ ಲೂಪ್ ಕಂಡರೆ ಕಂಪೈಲರ್ ತಾನೇ ಎರಡು `for`ಗಳನ್ನು ಅದಲುಬದಲು ಮಾಡಿಬಿಡಬಹುದು. ನೀವು ಕಾಲಂ ಲೂಪ್ ಅಳೆಯುತ್ತಿದ್ದೇನೆ ಅಂದುಕೊಂಡು ಸಾಲಿನ ಲೂಪ್ ಅಳೆಯುತ್ತಿರುತ್ತೀರಿ. "ವ್ಯತ್ಯಾಸವೇ ಇಲ್ಲವಲ್ಲ" ಅನ್ನುವವರ ಕಂಪೈಲ್ ಆಜ್ಞೆಯನ್ನು ಮೊದಲು ನೋಡಬೇಕು. ಹಾಗಂತ ನಿಜವಾದ ಕೆಲಸದಲ್ಲಿ ಕಂಪೈಲರ್ ನೋಡಿಕೊಳ್ಳುತ್ತದೆ ಅಂತ ಬಿಡುವಂತಿಲ್ಲ. ಲೂಪ್ ಒಳಗೆ ಒಂದು ಫಂಕ್ಷನ್ ಕರೆಯೋ, ಪಾಯಿಂಟರೋ ಬಂದರೆ ಅದು ಹಿಂಜರಿಯುತ್ತದೆ.

ಮೊದಲ ಪ್ರಶ್ನೆಗೆ ಬರೋಣ. ಪ್ರತಿ ರೇಖಾಂಶದ ಸರಾಸರಿ ಬೇಕು ಅಂದಾಗ ಕಾಲಂ ಇಳಿಯಲೇಬೇಕು ಅಂತ ಅನ್ನಿಸುತ್ತದೆ. ಬೇಕಾಗಿಲ್ಲ. ಎರಡನೇ ಕೋಡ್ ಮಾಡುವುದು ಅದನ್ನೇ. ಒಂದು ಸಾಲು ಪೂರ್ವಕ್ಕೆ ನಡೆಯುತ್ತಾ, ಆಯಾ ಕಾಲಂನ ಮೊತ್ತಕ್ಕೆ ಒಂದೊಂದು ಎತ್ತರ ಸೇರಿಸುತ್ತದೆ. 3601 ಮೊತ್ತಗಳು ಏಕಕಾಲದಲ್ಲಿ ಬೆಳೆಯುತ್ತವೆ. ಹಾಗಿದ್ದರೆ `sum` ಅರೇಯನ್ನು ಪ್ರತಿ ಸಾಲಿಗೂ ಮತ್ತೆ ಮತ್ತೆ ಮುಟ್ಟಬೇಕಲ್ಲ, ಅದು ದುಬಾರಿ ಅಲ್ವಾ? ಅಲ್ಲ. 3601 × 4 ಅಂದರೆ ಸುಮಾರು 14 ಕೆಬಿ. ಅದು ಎಲ್1 ಒಳಗೇ ಕೂತಿರುತ್ತದೆ. `int` ಸಾಕಾಗುತ್ತದಾ ಅನ್ನೋದನ್ನೂ ನೋಡಿಕೊಳ್ಳಬೇಕು. ಈ ತುಣುಕಿನಲ್ಲಿ ಎಲ್ಲಾ ಮನೆಗೂ ಎವರೆಸ್ಟ್ ಎತ್ತರ ತುಂಬಿದರೂ ಒಂದು ಕಾಲಂನ ಮೊತ್ತ 3 ಕೋಟಿ 20 ಲಕ್ಷ ದಾಟುವುದಿಲ್ಲ. `int` 200 ಕೋಟಿಗಿಂತ ಹೆಚ್ಚು ಹಿಡಿಯುತ್ತದೆ.

ಈ ಫೈಲನ್ನು ನೀವೇ ಓದಲು ಹೊರಟರೆ, ಬೈಟ್‌ಗಳ ಕ್ರಮ ತಿರುಗಿಸಲು ಮರೆಯಬೇಡಿ. ಅದರಲ್ಲಿ ದೊಡ್ಡ ಬೈಟ್ ಮೊದಲು ಬರುತ್ತದೆ, ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಉಲ್ಟಾ. ಕೆಲವು ಆವೃತ್ತಿಗಳಲ್ಲಿ ಅಳತೆ ಸಿಗದ ಜಾಗಕ್ಕೆ -32768 ಅಂತ ಹಾಕಿರುತ್ತಾರೆ. ಅದನ್ನು ಕೂಡಿಬಿಟ್ಟರೆ ಸರಾಸರಿ ಪಾತಾಳಕ್ಕೆ ಇಳಿಯುತ್ತದೆ.

ಸಾಲು ಒಳ್ಳೆಯದು, ಕಾಲಂ ಕೆಟ್ಟದ್ದು ಅಂತ ಬಾಯಿಪಾಠ ಮಾಡಿಕೊಳ್ಳಬೇಡಿ. ಫೋರ್ಟ್ರಾನ್, ಮ್ಯಾಟ್‌ಲ್ಯಾಬ್, ಆರ್, ಜೂಲಿಯಾ ಭಾಷೆಗಳು ಅರೇಯನ್ನು ಕಾಲಂ ಕಾಲಂ ಆಗಿ ಇಡುತ್ತವೆ. ಅಲ್ಲಿ ಕಾಲಂ ಇಳಿಯುವುದೇ ಸರಿ. ಪೈಥಾನ್‌ನ ನಂಪೈ ಮಾಮೂಲಾಗಿ ಸಿಯಂತೆ ಇಡುತ್ತದೆ, ಕೇಳಿದರೆ ಫೋರ್ಟ್ರಾನ್ ರೀತಿಯಲ್ಲೂ ಇಡುತ್ತದೆ. ಅರೇ ಚಿಕ್ಕದಿದ್ದರಂತೂ ಯೋಚನೆಯೇ ಬೇಡ. 64 × 64 `int` ಅರೇ 16 ಕೆಬಿ, ಪೂರ್ತಿ ಎಲ್1ಗೆ ಹಿಡಿಯುತ್ತದೆ. ಹೇಗೆ ಓದಿದರೂ ಸರಿ.

ಕ್ರಮ ಬದಲಿಸಿ ಬಚಾವಾಗಲು ಆಗದ ಕೆಲಸವೂ ಒಂದಿದೆ: ನಕ್ಷೆಯನ್ನು ಮಗುಚಿ ಸಾಲನ್ನು ಕಾಲಂ ಮಾಡುವುದು. `b[j][i] = g[i][j]` ಅಂತ ಬರೆದಾಗ ಯಾವ ಕ್ರಮ ಹಿಡಿದರೂ ಒಂದು ಕಡೆ ಸಾಲು, ಇನ್ನೊಂದು ಕಡೆ ಕಾಲಂ. ಎರಡು ಆಯಾಮದ ಎಫ್‌ಎಫ್‌ಟಿಯಲ್ಲಿ ಸಾಲುಗಳನ್ನು ಮುಗಿಸಿ ಕಾಲಂಗಳಿಗೆ ಹೋಗಬೇಕಾಗುವುದರಿಂದ ನನ್ನ ಅಕ್ಕನ ಮಗನಿಗೂ ಇದು ಬೇಕಾಯಿತು. ಇದಕ್ಕೆ ಅರೇಯನ್ನು 16 × 16ರ ಚೌಕಗಳಾಗಿ ಒಡೆದು, ಒಂದು ಚೌಕ ಪೂರ್ತಿ ಮಗುಚಿ ಮುಂದಿನದಕ್ಕೆ ಹೋಗುತ್ತಾರೆ. ಚೌಕಕ್ಕೆ ಓದುವ ಕಡೆ 16 ಲೈನ್, ಬರೆಯುವ ಕಡೆ 16 ಲೈನ್. ಪ್ರತಿ ಲೈನ್‌ನ 16 `int` ಕೂಡ ಅಲ್ಲೇ ಬಳಕೆಯಾಗುತ್ತವೆ. ಸಾಲುಗಳು 64ರ ಗುಣಕದ ವಿಳಾಸದಲ್ಲಿ ಶುರುವಾಗುವಂತೆ ಮಾತ್ರ ನೋಡಿಕೊಳ್ಳಬೇಕು. 32 ಲೈನ್ ಅಂದರೆ 2 ಕೆಬಿ, ಎಲ್1ಗೆ ಲೆಕ್ಕಕ್ಕೇ ಇಲ್ಲ.

ಆದರೆ ಅಗಲ 4096 ಆಗಿಯೇ ಇದ್ದರೆ, ಓದುವ ಕಡೆಯ ಆ 16 ಲೈನ್‌ಗಳೂ ಒಂದೇ ಸೆಟ್‌ಗೆ ಬೀಳುತ್ತವೆ. ಬರೆಯುವ ಕಡೆಯ 16 ಕೂಡ ಹಾಗೇ. ಸೆಟ್‌ನಲ್ಲಿ ಇರುವುದು 8 ಜಾಗ. 2 ಕೆಬಿಯ ಚೌಕ 32 ಕೆಬಿಯ ಕ್ಯಾಶ್‌ನಲ್ಲಿ ಉಳಿಯದೆ ಹೋಗುತ್ತದೆ, ಚೌಕ ಮಾಡಿದ ಶ್ರಮಕ್ಕೆ ಫಲ ಅರ್ಧಂಬರ್ಧ ಸಿಗುತ್ತದೆ. ಆದ್ದರಿಂದ `g` ಮತ್ತು `b` ಎರಡಕ್ಕೂ ಅಗಲ 4112 ಕೊಟ್ಟ ಮೇಲೆಯೇ ಚೌಕದ ಗಾತ್ರ ಎಷ್ಟಿರಬೇಕು ಅಂತ ಪರೀಕ್ಷೆ ಮಾಡಿ ನೋಡಿ.